ಲಾಭವಿದ್ದೂ ನಿಂತುಹೋಗುವ ಗಿರಣಿ

ಇಂದು ಕಲಬುರಗಿಯ ಕಾಲೇಜೊಂದರ ಉದ್ಯಮಶೀಲತಾ ಸಂಘದ ಉದ್ಘಾಟನೆಯಲ್ಲಿ, ಉದ್ಯಮಿಗಳ ಸೋಲು ಮತ್ತು ಚೇತರಿಕೆಯ ಬಗ್ಗೆ ಮಾತನಾಡುತ್ತಾ, ನಮ್ಮ ತೊಗರಿಬೇಳೆಯ ಲೆಕ್ಕವೊಂದನ್ನೇ ಹಲಗೆಯ ಮೇಲೆ ಬರೆದು ತೋರಿಸಿದೆ. 10 ಲಕ್ಷ ರೂಪಾಯಿ ಬಂಡವಾಳದ ಸಣ್ಣ ದಾಲ್ ಮಿಲ್ಲೊಂದು ಪ್ರತಿ ತಿಂಗಳು 5 ಲಕ್ಷ ಖರ್ಚು ಮಾಡಿ, ತಿಂಗಳ ಕೊನೆಗೆ ಬೇಳೆಯನ್ನು ಐದೂವರೆ ಲಕ್ಷಕ್ಕೆ, ಎರಡು ತಿಂಗಳ ಉದ್ರಿಯ ಮೇಲೆ ಮಾರುತ್ತದೆ ಎಂದುಕೊಳ್ಳಿ. ಮೂರನೆಯ ತಿಂಗಳು ಶುರುವಾದಾಗ ಪುಸ್ತಕದಲ್ಲಿ 1 ಲಕ್ಷ ಲಾಭವಿರುತ್ತದೆ, 11 ಲಕ್ಷ ಬರಬೇಕಿರುತ್ತದೆ, ಆದರೆ ತೊಗರಿ ಕೊಳ್ಳಲು ಕೈಯಲ್ಲಿ ಒಂದು ರೂಪಾಯಿಯೂ ಇರುವುದಿಲ್ಲ. ಸರಕು ಕೆಟ್ಟದ್ದಲ್ಲ, ಗಿರಾಕಿಯೂ ಇದ್ದಾನೆ. ಹಾಗಿದ್ದೂ ಗಿರಣಿ ನಿಲ್ಲುತ್ತದೆ.

ಇಂಥ ಸ್ಥಿತಿಯಿಂದ ಮೇಲೇಳುವವರು ಮೊದಲು ಖರೀದಿಯನ್ನು ಅರ್ಧಕ್ಕಿಳಿಸುತ್ತಾರೆ, ಹದಿನೈದು ದಿನಗಳೊಳಗೆ ಹಣ ಕೊಡುವವರಿಗೆ ದರದಲ್ಲಿ ತುಸು ರಿಯಾಯಿತಿ ಕೊಟ್ಟು, ಲಾಭಕ್ಕಿಂತ ನಗದನ್ನು ಕಾಯುತ್ತಾರೆ. ಸರ್ಕಾರದ ಉದ್ಯಮ್ ನೋಂದಣಿಯಿರುವ ಸಣ್ಣ ತಯಾರಕರಿಗೆ ಖರೀದಿದಾರರು ಹೆಚ್ಚೆಂದರೆ 45 ದಿನಗಳೊಳಗೆ ಹಣ ಕೊಡಬೇಕೆಂದು ಸಣ್ಣ ಉದ್ಯಮಗಳ ಅಭಿವೃದ್ಧಿಗಾಗಿ ತಂದ 2006ರ ಎಂಎಸ್‌ಎಂಇಡಿ ಕಾಯ್ದೆ ಹೇಳುತ್ತದೆ.

"ಕಾನೂನು ತೋರಿಸಿದರೆ ಅಂಗಡಿಯವರು ಮುಂದೆ ಸರಕನ್ನೇ ಕೊಳ್ಳದಿದ್ದರೆ ಏನು ಮಾಡಬೇಕು, ಸರ್?" ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಅದು ನಿಜವಾದ ಭಯವೇ ಆಗಿರುವುದರಿಂದ, ಉದ್ರಿಯ ಅವಧಿಯನ್ನು ಮೊದಲ ಮೂಟೆ ಕಳುಹಿಸುವ ಮುನ್ನವೇ ಬರೆಸಿಕೊಳ್ಳಬೇಕು ಮತ್ತು ಮಾರಾಟದ ಬಹುಪಾಲು ಒಬ್ಬನೇ ಖರೀದಿದಾರನ ಕೈಗೆ ಹೋಗದಂತೆ ನೋಡಿಕೊಳ್ಳಬೇಕು ಎಂದೆ.