ಅವ್ವನ ಪಾಠ: ಐದನೇ ಕ್ಲಾಸಿನ ರೊಟ್ಟಿ ದಿನಚರಿ

ಜೂನ್ ಕೊನೆ

ಮುಂಬೈಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ಐದನೇ ಕ್ಲಾಸಿಗೆ ಪಾಠ ಮಾಡುತ್ತೇನೆ. ಮಕ್ಕಳು 28. ಹೆಚ್ಚಿನವರ ಮನೆ ಮೂಲ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆ. ಈ ವರ್ಷ ತಂದೆ-ತಾಯಿಯರನ್ನೇ ಕರೆದು ಅವರ ಕೈಕೆಲಸದ ಒಂದು ಸಣ್ಣ ಪಾಠ ಮಾಡಿಸೋಣ ಅಂತ ಹೊರಟೆ. "ನಿಮಗೆ ಗೊತ್ತಿರುವ ಕೌಶಲ್ಯವನ್ನು ಮಕ್ಕಳಿಗೆ ಕಲಿಸಲು ಬನ್ನಿ" ಎಂದು ಚೀಟಿ ಬರೆದು ಮಕ್ಕಳ ಕೈಯಲ್ಲಿ ಕಳಿಸಿದೆ. ಒಂದು ವಾರ ಕಾದೆ. ಒಂದು ಉತ್ತರವೂ ಬರಲಿಲ್ಲ.

ತಪ್ಪು ಚೀಟಿಯದ್ದೇ. ಎಷ್ಟೋ ಮನೆಯಲ್ಲಿ ಅದನ್ನು ಓದಿದ್ದು ಮಗುವೇ. ಇನ್ನು 'ಕೌಶಲ್ಯ' ಅಂದರೆ ತಮ್ಮ ಕೆಲಸ ಅಂತ ಯಾರಿಗೆ ಹೊಳೆಯಬೇಕು?

ಜುಲೈ ಮೊದಲ ವಾರ

ದಾರಿ ಬದಲಿಸಿದೆ. ಮಕ್ಕಳಿಗೆ ಮನೆಕೆಲಸ ಕೊಟ್ಟೆ: ನಿಮ್ಮ ಮನೆಯಲ್ಲಿ ಯಾರು, ಯಾವ ಕೆಲಸವನ್ನು ಕಣ್ಣುಮುಚ್ಚಿಕೊಂಡು ಮಾಡಬಲ್ಲರು, ಬರೆದು ತನ್ನಿ. ಈ ಸಲ ತುಂಬಾ ಬಂತು. ಗೌಂಡಿ ಕೆಲಸ, ಸೆಂಟ್ರಿಂಗ್, ಸೀರೆಗೆ ಫಾಲ್-ಪಿಕೋ, ಹೋಟೆಲಲ್ಲಿ ದೋಸೆ ಹುಯ್ಯುವುದು. ಒಬ್ಬ ಹುಡುಗಿ ಬರೆದಿದ್ದಳು: "ನಮ್ಮವ್ವ ಫೋನಿನ್ಯಾಗ ಮಾತಾಡ್ಕೋತ ರೊಟ್ಟಿ ಬಡಿತಾಳ." ಮೊದಲ ಪಾಠ ಇದೇ ಆಗಲಿ ಅನಿಸಿತು.

ಶಾಲೆ ಬಿಡುವ ಹೊತ್ತಿಗೆ ಗೇಟಲ್ಲಿ ಅವರನ್ನು ಹಿಡಿದೆ. "ನಮಗೇನ್ ಬರ್ತದ್ರಿ ಟೀಚರ್, ನಾವು ಸಾಲಿ ಕಲ್ತವ್ರಲ್ಲ" ಅಂದರು. "ಪಾಠ ಬೇಡ ಅಕ್ಕಾ, ರೊಟ್ಟಿ ತಟ್ಟಿದರೆ ಸಾಕು" ಅಂದೆ. ನಕ್ಕುಬಿಟ್ಟರು. "ತಟ್ಟೋದಲ್ರಿ, ಬಡಿಯೋದು." ನಾನು ಕುಂದಾಪುರದ ಕಡೆಯವಳು, ಅನ್ನದ ಊರಿನವಳು. ಅವರು ಒಪ್ಪಿದ್ದು ಬಹುಶಃ ನನ್ನ ಮೇಲಿನ ಕನಿಕರಕ್ಕೇ.

ಸಮಯ ಗೊತ್ತುಮಾಡುವುದೇ ಕಷ್ಟ ಆಯಿತು. ಅವರು ನಾಲ್ಕು ಮನೆಗಳಲ್ಲಿ ಕೆಲಸ ಮಾಡುತ್ತಾರೆ. ನಾನು ಕೊನೆಯ ಪೀರಿಯಡ್ ಅಂದಿದ್ದೆ. ಆ ಹೊತ್ತಿಗೆ ಬಂದರೆ ಒಂದು ಮನೆ ತಪ್ಪುತ್ತದೆ, ಬೈಗುಳ ಅವರಿಗೆ. ಎರಡನೇ ಮನೆ ಮುಗಿದು ಮೂರನೆಯದು ಶುರುವಾಗುವ ನಡುವೆ, ಹನ್ನೊಂದೂವರೆಯಿಂದ ಮುಕ್ಕಾಲು ಗಂಟೆ ಸಿಗುತ್ತದೆ ಅಂದರು. ಹಾಗಾಗಿ ನನ್ನ ಗಣಿತದ ಪೀರಿಯಡ್ ಸರಿಸಿದೆ. ಟೈಮ್‌ಟೇಬಲ್ ಅಲ್ಲಾಡಿಸುವುದು ನನಗೆ ಸುಲಭ, ಅವರಿಗಲ್ಲ.

ಜುಲೈ ಎರಡನೇ ವಾರ, ಟ್ರಯಲ್

ಕ್ಲಾಸಿಗೆ ಮುಂಚೆ ಒಂದು ಸಲ ನಾವಿಬ್ಬರೇ ಮಾಡಿ ನೋಡಿದೆವು. ಒಳ್ಳೆಯದೇ ಆಯಿತು, ಯಾಕಂದರೆ ಎಲ್ಲ ಕೆಟ್ಟಿತು.

ಮೊದಲು ಒಲೆ. ಕ್ಲಾಸಲ್ಲಿ ಗ್ಯಾಸ್ ಬೇಡ ಅಂತ ಹೆಡ್‌ಮೇಡಂ ಖಡಾಖಂಡಿತವಾಗಿ ಹೇಳಿದ್ದರು. ಸರಿಯೇ. ನಾನು ಮನೆಯಿಂದ ಇಂಡಕ್ಷನ್ ಒಲೆ ಹೊತ್ತು ತಂದೆ. ಅವರು ತಂದ ಹಂಚಿನ ತಳ ಗುಂಡಗೆ. ಇಂಡಕ್ಷನ್ನಿಗೆ ಚಪ್ಪಟೆ ತಳದ ಕಬ್ಬಿಣ ಬೇಕು, ಇದು ಕಾಯಲೇ ಇಲ್ಲ. ಕ್ಲಾಸಿನ ಪ್ಲಗ್ಗೂ ಆಗದು. ಸಣ್ಣ ಪ್ಲಗ್ 6 ಆಂಪಿಯರಿನದು, ಅಂದರೆ ಹೆಚ್ಚೆಂದರೆ 1,300 ವ್ಯಾಟ್ ಚಿಲ್ಲರೆ. ನನ್ನ ಒಲೆ 2,000. ದೊಡ್ಡ 16 ಆಂಪಿಯರಿನ ಪ್ಲಗ್ ಇದ್ದದ್ದು ಸ್ಟಾಫ್‌ರೂಮಲ್ಲಿ. ಪಾಠ ಅಲ್ಲಿಗೇ ಹೋಯಿತು.

ಎರಡನೆಯದು ಹಿಟ್ಟು. ನಾನು ಅಂಗಡಿಯ ಪ್ಯಾಕೆಟ್ ತಂದಿದ್ದೆ. ಅವರು ಮುಷ್ಟಿಯಲ್ಲಿ ಹಿಡಿದು ಮೂಸಿದರು. "ಹಳೇದೈತ್ರಿ, ಜಿಗುಟಿಲ್ಲ." ಆದರೂ ನಾದಿದರು. ಬಡಿಯುತ್ತಿದ್ದ ಹಾಗೆ ಅಂಚೆಲ್ಲ ಬಿರುಕು. ಜೋಳದ ಹಿಟ್ಟು ಬೀಸಿ ಬಹಳ ದಿನ ಆದರೆ ಹೀಗೇ, ಮಳೆಗಾಲದ ತೇವಕ್ಕೆ ಇನ್ನೂ ಬೇಗ. ಊರಿಂದ ತಂದ ಬಿಳಿಜೋಳ ಮನೆಯಲ್ಲಿದೆ, ಹಿಂದಿನ ದಿನ ಗಿರಣಿಗೆ ಹಾಕಿಸಿ ತರುತ್ತೇನೆ ಅಂದರು. ಬೀಸಿದ ದುಡ್ಡು ಕೊಟ್ಟೆ, ಜೋಳದ್ದು ತಗೊಳ್ಳಲಿಲ್ಲ.

ಮೂರನೆಯದು ಗಡಿಯಾರ. ಎಸರು ಇಡುವುದರಿಂದ ಬೇಯಿಸುವವರೆಗೆ 28 ಮಕ್ಕಳಿಗೆ ಮುಕ್ಕಾಲು ಗಂಟೆ ಸಾಲದು. ಬೇಯಿಸುವುದನ್ನು ಪಾಠದಿಂದ ತೆಗೆದೆ. ಕೊನೆಗೆ ತೋರಿಸಲು ಒಂದೇ ರೊಟ್ಟಿ. ಮಕ್ಕಳಿಗೆ ನಾದುವುದು, ಬಡಿಯುವುದು ಮಾತ್ರ. ಮಕ್ಕಳು 14ರ ಎರಡು ಗುಂಪು, ಬೇರೆ ಬೇರೆ ದಿನ.

ಜುಲೈ ಮೂರನೇ ವಾರ, ಮೊದಲ ಗುಂಪು

ಸೋತೆವು ಅಂತಲೇ ಹೇಳಬೇಕು. ಅಕ್ಕ ಕೂತರು, ಕೈ ಓಡಿತು. ಕುದಿನೀರು ಹುಯ್ದದ್ದು ಯಾವಾಗ, ಎಷ್ಟು, ಯಾರಿಗೂ ಕಾಣಲಿಲ್ಲ. ಹನ್ನೆರಡು ನಿಮಿಷದಲ್ಲಿ ಮೂರು ರೊಟ್ಟಿ ಬಡಿದಿಟ್ಟರು. ಮಕ್ಕಳು ಚಪ್ಪಾಳೆ ಹೊಡೆದರು, ಯಾರ ಕೈಗೂ ಹಿಟ್ಟು ತಾಗಿರಲಿಲ್ಲ. ಉಳಿದ ಹೊತ್ತಲ್ಲಿ ಗಡಿಬಿಡಿ, ನೆಲವೆಲ್ಲ ಹಿಟ್ಟು.

ಅವರ ತಪ್ಪೇನಿಲ್ಲ. ಇಷ್ಟು ವರ್ಷ ಕೈಯೇ ಮಾಡಿದ ಕೆಲಸ, ಬಾಯಿಗೆ ಅದರ ಲೆಕ್ಕ ಗೊತ್ತಿಲ್ಲ. ನಡುವೆ ತಡೆದು ಕೇಳಬೇಕಿದ್ದವಳು ನಾನು. ನಾನೂ ಬಾಯಿಬಿಟ್ಟು ನೋಡುತ್ತಾ ನಿಂತಿದ್ದೆ.

ಎರಡನೇ ಗುಂಪು

ಈ ಸಲ ಮೂರು ಕಡೆ ನಿಲ್ಲಿಸುತ್ತೇನೆ ಅಂತ ಮೊದಲೇ ಅವರಿಗೆ ಹೇಳಿದ್ದೆ.

ಮೊದಲ ನಿಲುಗಡೆ ನೀರಿನದು. ನೀರನ್ನು ಮೊದಲೇ ಎರಡು ಲೋಟ ಅಳೆದು ಕುದಿಸಿ ಕೊಟ್ಟಿದ್ದೆ, ಹಿಟ್ಟೂ ಅದೇ ಲೋಟದಲ್ಲಿ ಎರಡು. ಅವರು ಎಂದಿನಂತೆ ಕಣ್ಣಳತೆಯಲ್ಲೇ ಹುಯ್ದರು, ಸೌಟಿನ ಹಿಡಿಯಿಂದ ಕಲಸಿದರು. ಉಳಿದ ನೀರು ಅಳೆದರೆ ಕಾಲು ಲೋಟ. ಅಂದರೆ ಎರಡಕ್ಕೆ ಒಂದೂಮುಕ್ಕಾಲು. "ಹೌದೇನ್ರಿ?" ಅಂತ ಅವರೇ ಬೆರಗಾದರು. ಬಿಸಿ ಇರುವಾಗ ಮಕ್ಕಳು ದೂರ. ಕೈ ತಾಳುವಷ್ಟು ಆರಿದ ಮೇಲೆ ಉಂಡೆ ಕೊಟ್ಟೆವು.

ಎರಡನೆಯದು 'ಬಿಸಿನೀರೇ ಯಾಕೆ' ಅನ್ನುವುದು. ಇದಕ್ಕಾಗಿ ಅದೇ ಹಿಟ್ಟಲ್ಲಿ ಒಂದು ಮುಷ್ಟಿಯನ್ನು ತಣ್ಣೀರಲ್ಲಿ ಕಲಸಿ ಇಟ್ಟಿದ್ದೆ. ಇಬ್ಬಿಬ್ಬರಿಗೆ ಎರಡೂ ಬಗೆಯ ಉಂಡೆ, ನಿಂಬೆ ಗಾತ್ರದ್ದು. ಮಣೆ ಇಲ್ಲ, ಊಟದ ಸ್ಟೀಲ್ ತಟ್ಟೆ ಬೋರಲು ಹಾಕಿ ಒಣಹಿಟ್ಟು ಉದುರಿಸಿದೆವು. ತಣ್ಣೀರಿನದು ಅಂಗೈಯಷ್ಟು ಆಗುವ ಮೊದಲೇ ಒಡೆಯಿತು. ಬಿಸಿನೀರಿನದು ಅಂಗೈ ದಾಟಿ ಹೋಯಿತು. ಗೋಧಿಹಿಟ್ಟಲ್ಲಿ ಗ್ಲುಟೆನ್ ಅಂತ ಒಂದು ಅಂಶ ಇದೆ, ನೀರು ತಾಗಿ ನಾದಿದರೆ ರಬ್ಬರಿನ ಹಾಗೆ ಎಳೆದು ಹಿಡಿಯುತ್ತದೆ. ಜೋಳದಲ್ಲಿ ಅದಿಲ್ಲ. ಕುದಿನೀರಿಗೆ ಜೋಳದ ಪಿಷ್ಟ ಉಬ್ಬಿ ಗಂಜಿಯ ಹಾಗೆ ಅಂಟಾಗುತ್ತದೆ, ಆ ಅಂಟೇ ರೊಟ್ಟಿಯನ್ನು ಹಿಡಿದಿಡುವುದು. ಇಷ್ಟು ಮಾತ್ರ ನಾನು ಹೇಳಿದ್ದು.

ಮೂರನೆಯದು, ಹಿಟ್ಟು ಹದ ಬಂತು ಅಂತ ಹೇಗೆ ಗೊತ್ತು? ಅಕ್ಕ ಯೋಚಿಸಿದರು. ಆಮೇಲೆ ಉಂಡೆಯನ್ನು ಎರಡು ಅಂಗೈ ನಡುವೆ ಒತ್ತಿ ಅಂಚು ತೋರಿಸಿದರು. "ಇಲ್ಲಿ ಸೀಳಿದ್ರ ಇನ್ನ ನಾದ್ಬೇಕು. ಸೀಳ್ಲಿಲ್ಲಂದ್ರ ಬಡಿ." ಹದಿನಾಲ್ಕು ಜನರೂ ಒತ್ತಿ ನೋಡಿದರು. ಅವರ ಮಗಳು ಎದ್ದು ಎಲ್ಲರ ಅಂಚು ತಪಾಸಣೆ ಮಾಡುತ್ತಾ ಬಂದಳು, ನನ್ನದನ್ನು ಫೇಲ್ ಮಾಡಿದಳು.

ಕೊನೆಯ ಒಂದು ರೊಟ್ಟಿ ನನ್ನ ಚಪ್ಪಟೆ ತವೆ ಮೇಲೆ ಬಿತ್ತು. ಮೇಲ್ಭಾಗಕ್ಕೆ ಒದ್ದೆ ಬಟ್ಟೆ ಸವರಿದರು, ನೀರು ಆರುತ್ತಲೇ ಮಗುಚಿದರು. ಕೆಂಡವೂ ಇಲ್ಲ, ಉರಿಯೂ ಇಲ್ಲ, ಹಾಗಾಗಿ ಪೂರ್ತಿ ಉಬ್ಬಲಿಲ್ಲ. ಬಟ್ಟೆಯಿಂದ ಅಂಚು ಒತ್ತಿದಾಗ ಅರ್ಧ ಎದ್ದಿತು. "ಕರೆಂಟಿನ ರೊಟ್ಟಿ ಇಷ್ಟರೀ" ಅಂದರು. ಹದಿನಾಲ್ಕು ತುಂಡು ಮಾಡಿ ಶೇಂಗಾ ಚಟ್ನಿಪುಡಿ ಜೊತೆ ತಿಂದೆವು. ಮೊದಲ ಗುಂಪಿನವರು ಬಾಗಿಲಲ್ಲಿ ನಿಂತು ಜಗಳ ತೆಗೆದರು. ಅವರಿಗೆ ಇನ್ನೊಂದು ದಿನ ಬರಲು ಅಕ್ಕ ಒಪ್ಪಿದ್ದಾರೆ.

ಜುಲೈ ಕೊನೆ

ಇವತ್ತು ಗೇಟಲ್ಲಿ ಒಬ್ಬ ಹುಡುಗನ ಅಪ್ಪ ತಾವಾಗಿಯೇ ನಿಂತಿದ್ದರು, ಗೌಂಡಿ ಕೆಲಸದವರು. "ಮಟ್ಟ ನೋಡೋದು ತೋರಿಸ್ಲೇನ್ರಿ?" ಅಂದರು. ಪಾರದರ್ಶಕ ಪೈಪಿಗೆ ನೀರು ತುಂಬಿ, ಎರಡು ತುದಿಯ ನೀರು ನೋಡಿ ಎರಡು ಗೋಡೆಗೆ ಒಂದೇ ಎತ್ತರದ ಗುರುತು ಹಾಕುವುದು. ಬೆಂಕಿ ಇಲ್ಲ, ಪ್ಲಗ್ ಬೇಡ. ಪೈಪಲ್ಲಿ ಗಾಳಿಗುಳ್ಳೆ ಉಳಿದರೆ ಮಟ್ಟ ತಪ್ಪುತ್ತದಂತೆ. ಗುಳ್ಳೆ ಬೇಕಂತಲೇ ಬಿಟ್ಟು ಒಂದು ಸಲ, ತೆಗೆದು ಒಂದು ಸಲ ಮಾಡೋಣ ಅಂದೆ. ಟ್ರಯಲ್ ಭಾನುವಾರ, ಶಾಲೆಯ ವರಾಂಡದಲ್ಲಿ. ಹತ್ತು ಮೀಟರ್ ಪೈಪ್ ತರುವ ಕೆಲಸ ನನ್ನದು.