ಗೆರೆ ಎಳೆದವರಿಗೆ, ಔಟಾದವರ ಲೆಕ್ಕ ಇಟ್ಟವರಿಗೆ

ಜನವರಿ 25, 2026, ಭಾನುವಾರ, ರಾತ್ರಿ

ಬೆಳಗಿನ ಜಾವ ಎರಡೂವರೆಗೆ ನಮ್ಮ ಕಬಡ್ಡಿ ಪಂದ್ಯಾಟದ ಫೈನಲ್ ಮುಗಿಯಿತು. ವಂದನಾರ್ಪಣೆ ನನ್ನ ಪಾಲಿಗೆ ಬಂದಿತ್ತು. ಅಷ್ಟು ಹೊತ್ತಿಗೆ ಅರ್ಧ ಜನ ಬೈಕ್ ಸ್ಟಾರ್ಟ್ ಮಾಡಿ ಆಗಿತ್ತು, ಮೈಕಿನವರು ವಯರ್ ಸುತ್ತಲು ಕಾಯುತ್ತಿದ್ದರು. ದಾನಿಗಳ ಹೆಸರು ಒಂದೊಂದಾಗಿ ಓದಿದೆ, ಅದಕ್ಕೇ ಹತ್ತು ನಿಮಿಷ ಹೋಯಿತು. ಕೊನೆಗೆ "ತೀರ್ಪುಗಾರರಿಗೂ ಅಂಕಣ ಸಿದ್ಧ ಮಾಡಿದವರಿಗೂ ವಂದನೆಗಳು" ಎಂದು ಒಂದೇ ಉಸಿರಿನಲ್ಲಿ ಹೇಳಿ ಇಳಿದುಬಿಟ್ಟೆ.

ಮನೆಗೆ ಬಂದು ಮಲಗಿದರೂ ಅದು ಕೊರೆಯುತ್ತಲೇ ಇತ್ತು. ನಮ್ಮ ಯುವಕ ಮಂಡಲದ ಕಡೆಯಿಂದ ಮುಕ್ತಾಯದ ಒಂದು ಪುಟ ಬರೆಯಬೇಕು, ಅದನ್ನು ನಾನೇ ಬರೆಯುತ್ತೇನೆ ಎಂದು ಮಧ್ಯಾಹ್ನ ಅಧ್ಯಕ್ಷರಿಗೆ ಫೋನ್ ಮಾಡಿ ಹೇಳಿದೆ. "ಎಲ್ಲರಿಗೂ ಧನ್ಯವಾದ ಅಂತ ಹಾಕಿದರೆ ಸಾಕಲ್ವಾ ಮಾರಾಯ" ಎಂದರು. ಸಾಕಾಗುವುದಿಲ್ಲ. ಯಾಕೆ ಎನ್ನುವುದನ್ನು ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ.

ಅಂಕಣದಿಂದ ಶುರು ಮಾಡಬೇಕು. ಈ ಸಲ ಮ್ಯಾಟ್ ಬಾಡಿಗೆ ನಮ್ಮ ಕೈಗೆ ಎಟುಕಲಿಲ್ಲ, ಮಣ್ಣಿನ ಅಂಕಣವೇ ಗಟ್ಟಿ ಎಂದುಕೊಂಡೆವು. ಮಂಗಳವಾರವೇ ನಾಲ್ಕು ಜನ ಕೆಲಸಕ್ಕೆ ಇಳಿದರು. ಒಂದು ಗೇಣು ಆಳಕ್ಕೆ ಅಗೆದು, ಕಲ್ಲು ಹೆಕ್ಕಿ, ಜರಡಿ ಹಿಡಿದ ಮಣ್ಣಿಗೆ ಮರದ ಹೊಟ್ಟು ಬೆರೆಸಿ ಹರಡಿ, ನೀರು ಹಾಕಿ, ಒಂದು ರಾತ್ರಿ ಬಿಟ್ಟು ರೋಲರ್ ಎಳೆದರು. ಅವರಲ್ಲಿ ಹಿರಿಯರು ರೋಲರ್ ಎಳೆದ ಮೇಲೆ ಬರಿಗಾಲಲ್ಲಿ ಇಡೀ ಅಂಕಣ ನಡೆದು ನೋಡಿದರು. ಕಣ್ಣಿಗೆ ಕಾಣದ ಹರಳು ಕಾಲಿಗೆ ಸಿಗುತ್ತದಂತೆ. ಸಿಕ್ಕಿತು ಕೂಡ, ಎರಡು ಮುಷ್ಟಿ.

ಗುರುವಾರ ಗೆರೆಯ ಕೆಲಸ. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ನಾನು ಮತ್ತು ಇನ್ನೊಬ್ಬ ಹುಡುಗ ಟೇಪ್ ಹಿಡಿದು ನಾಲ್ಕು ಗೂಟ ಹೊಡೆದು ಮುಗಿಯಿತು ಎಂದುಕೊಂಡಿದ್ದೆವು. ಅಳತೆ ಸರಿಯಾಗಿಯೇ ಇತ್ತು. ಹಿರಿಯರು ಮೂಲೆಯಿಂದ ಮೂಲೆಗೆ ಹಿಡಿಯಿರಿ ಎಂದರು. ಒಂದು ಕಡೆ 16 ಮೀಟರ್ 62 ಸೆಂಟಿಮೀಟರ್ ಬಂತು, ಇನ್ನೊಂದು ಕಡೆ 16 ಮೀಟರ್ 18. ನಾಲ್ಕೂ ಬದಿ ಸರಿ ಇದ್ದೂ ಅಂಕಣ ವಾಲಿತ್ತು, ಒಂದು ಬದಿಯ ಮೂಲೆಗಳು ಒಂದು ಗೇಣಿಗಿಂತ ಜಾಸ್ತಿ ಸರಿದಿದ್ದವು. ಎರಡೂ ಕಡೆ 16 ಮೀಟರ್ 40 ಬರುವವರೆಗೆ ಗೂಟ ಕಿತ್ತು ಹೊಡೆದು, ಕಿತ್ತು ಹೊಡೆದು, ಒಂದೂವರೆ ಗಂಟೆ ಹೋಯಿತು. ನನಗೆ ಆಗ ಬೇಜಾರಾಗಿತ್ತು, ಈಗ ಇಲ್ಲ. ವಾಲಿದ ಅಂಕಣದಲ್ಲಿ ಒಂದು ತಂಡದ ಎಡಮೂಲೆ ಹಿಗ್ಗುತ್ತದೆ, ಬಲಮೂಲೆ ಕುಗ್ಗುತ್ತದೆ. ಮೂಲೆಯಲ್ಲಿ ನಿಂತು ಕಾಲು ಹಿಡಿಯುವ ಹುಡುಗನಿಗೆ ಅದು ಗೊತ್ತಾಗುತ್ತದೆ, ನೋಡುವವರಿಗೆ ಗೊತ್ತಾಗುವುದಿಲ್ಲ.

ಒಳಗಿನ ಗೆರೆಗಳಿಗೆ ಅವರು ಒಂದು ಮೀಟರಿನ ಅಡಿಕೆ ಸಲಾಕೆ ಕತ್ತರಿಸಿ ಇಟ್ಟುಕೊಂಡಿದ್ದರು. ಎರಡು ಬದಿಯ ಲಾಬಿ ಒಂದು ಮೀಟರ್. ನಡುಗೆರೆಯಿಂದ 3.75 ಮೀಟರಿಗೆ ಬಾಕ್ ಲೈನ್, ಅಲ್ಲಿಂದ ಮತ್ತೆ ಒಂದು ಮೀಟರ್ ಹಿಂದೆ ಬೋನಸ್ ಗೆರೆ. ಹಾಗಾಗಿ ಲಾಬಿಗೂ ಬೋನಸ್ ಗೆರೆಗೂ ಅದೇ ಸಲಾಕೆ ಆಗುತ್ತದೆ. ಗೆರೆ ಮುಗಿಯುವ ಕಡೆಯಲ್ಲೆಲ್ಲ ಅಂಕಣದ ಹೊರಗೆ ಗೂಟವನ್ನು ನೆಲಮಟ್ಟಕ್ಕೆ ಹೂತು ಗುರುತು ಮಾಡಿದರು, ಅಳಿಸಿದ ಗೆರೆಯನ್ನು ಹಗ್ಗ ಹಿಡಿದು ಅದೇ ಜಾಗದಲ್ಲಿ ಮತ್ತೆ ಎಳೆಯಲಿಕ್ಕೆ. ನಾವು ತಂದಿದ್ದ ಸುಣ್ಣದ ಪುಡಿಯನ್ನು ಮುಟ್ಟಲೇ ಇಲ್ಲ. ಬೆವರಿದ ಮೈಗೆ ಸುಣ್ಣ ತಾಗಿದರೆ ಸುಡುತ್ತದೆ, ಕಣ್ಣಿಗೆ ಹೋದರೆ ಆ ಹುಡುಗನ ಗತಿ ಏನು ಎಂದು ಕೇಳಿ, ಚಾಕ್ ಪುಡಿ ತರಿಸಿದರು.

16 ತಂಡ, ನಾಕೌಟ್, ಅಂದರೆ 15 ಪಂದ್ಯ. ಪ್ರತಿ ಪಂದ್ಯ ಮುಗಿದಾಗಲೂ ಆ ನಾಲ್ಕು ಜನ ನೀರು ಚಿಮುಕಿಸಿ, ಗುಂಡಿ ಮುಚ್ಚಿ, ಹಗ್ಗ ಹಿಡಿದು ಗೆರೆ ಎಳೆದರು. ಮಣ್ಣಿನಲ್ಲಿ ಬೋನಸ್ ಗೆರೆ ಹತ್ತು ರೈಡಿಗೆ ಮಸುಕಾಗುತ್ತದೆ. ಸೆಮಿಫೈನಲಿನಲ್ಲಿ ಅರ್ಧ ಸಮಯಕ್ಕೂ ಓಡಿ ಬಂದು ಎಳೆದರು.

ಆ ಎರಡನೇ ಸೆಮಿಯ ಕಥೆ ಬರೆಯಲೇಬೇಕು. ಕೆಂಪು ಜೆರ್ಸಿಯವರು ಮತ್ತು ನೀಲಿ ಜೆರ್ಸಿಯವರು ಎಂದಷ್ಟೇ ಹೇಳುತ್ತೇನೆ. ಮೂರು ನಿಮಿಷ ಬಾಕಿ. ನೀಲಿ 25, ಕೆಂಪು 24. ಕೆಂಪಿನವರು ಅಂಕಣದಲ್ಲಿ ನಾಲ್ಕೇ ಜನ, ಹೊರಗೆ ಮೂರು ಜನ ಕೂತಿದ್ದಾರೆ. ಔಟಾದ ಕ್ರಮ 7, 3, 11. ಆ 11ನೇ ನಂಬರಿನವನೇ ಅವರ ಒಳ್ಳೆಯ ರೈಡರ್. ನೀಲಿಯವರು ಆರು ಜನ ಇದ್ದಾರೆ, ಹಾಗಾಗಿ ಅವರ ಕಡೆ ಬೋನಸ್ ಗೆರೆ ನಡೆಯುತ್ತದೆ. ಎದುರಿಗೆ ಆರು ಅಥವಾ ಏಳು ಜನ ಇದ್ದರೆ ಮಾತ್ರ ಬೋನಸ್, ಐದಾದರೆ ಇಲ್ಲ.

ಕೆಂಪಿನ ಹುಡುಗ ಹೋದ. ಒಂದು ಕಾಲು ಬೋನಸ್ ಗೆರೆ ದಾಟಿ ಊರಿದಾಗ ಇನ್ನೊಂದು ಕಾಲು ಗಾಳಿಯಲ್ಲಿತ್ತು. ಆ ಬದಿಯ ಅಂಪೈರ್ ಆಗಲೇ ಮಂಡಿಯವರೆಗೆ ಬಗ್ಗಿ ಪಾದದ ಕಡೆ ನೋಡುತ್ತಿದ್ದರು, ಹೆಬ್ಬೆರಳು ಎತ್ತಿದರು. ಹುಡುಗ ತಿರುಗುವಾಗ ಒಬ್ಬನನ್ನು ಮುಟ್ಟಿಯೂ ಬಂದ. ಬೋನಸ್ ಒಂದು, ಟಚ್ ಒಂದು. ಕೆಂಪು 26, ನೀಲಿ 25. ಗ್ಯಾಲರಿ ಎದ್ದು ನಿಂತಿತು.

ಹೊರಗಿದ್ದ 7ನೇ ನಂಬರಿನವನು ಒಳಗೆ ಓಡಿದ, ಅವನ ಹಿಂದೆಯೇ 3ನೇ ನಂಬರಿನವನೂ ಎದ್ದ. ಎರಡು ಅಂಕ ಬಂತಲ್ಲ, ಇಬ್ಬರು ಒಳಗೆ ಎಂದು ಅವನ ಲೆಕ್ಕ. ಅಲ್ಲಿ ಕೂತಿದ್ದ ಸಹಾಯಕ ಸ್ಕೋರರ್ ಕೈ ಅಡ್ಡ ಹಿಡಿದರು. ಕಾಲೇಜಿನಲ್ಲಿ ಓದುವ ಹುಡುಗ, ಇಪ್ಪತ್ತು ವರ್ಷ ಇರಬಹುದು. "ಬೋನಸ್‌ಗೆ ಯಾರೂ ಒಳಗೆ ಬರುವುದಿಲ್ಲಣ್ಣ, ಒಬ್ಬರೇ" ಎಂದ. ಕ್ಯಾಪ್ಟನ್ ಬಂದ, ಕೋಚ್ ಬಂದರು, ಹಿಂದಿನಿಂದ ಜನ ಕೂಗುತ್ತಿದ್ದರು. ಹುಡುಗನ ದನಿ ಏರಲಿಲ್ಲ. ಕೈಯಲ್ಲಿದ್ದ ಚೀಟಿ ತೋರಿಸಿದ. ಔಟಾದವರ ನಂಬರು ಸಾಲಾಗಿ ಇತ್ತು, ಒಳಗೆ ಹೋದವರಿಗೆ ಅಡ್ಡಗೀಟು. 7ಕ್ಕೆ ಗೀಟು ಬಿದ್ದಿತ್ತು, 3 ಮತ್ತು 11 ಹಾಗೇ ಇದ್ದವು. ರೆಫರಿ ಬಂದು ಚೀಟಿ ನೋಡಿದರು, ಮೇಜಿನ ಸ್ಕೋರರನ್ನು ಕೇಳಿದರು. ಅವರ ಶೀಟಿನಲ್ಲಿ 25ಕ್ಕೆ ಬೋನಸಿನ ತ್ರಿಕೋನ, 26ಕ್ಕೆ ಬರೀ ಓರೆಗೀಟು. ಎರಡೂ ಹೊಂದಿತು. 3ನೇ ನಂಬರಿನವನು ಹೋಗಿ ಕೂತ.

ಮುಂದಿನ ರೈಡ್ ನೀಲಿಯವರದ್ದು. ಅವರ ಹುಡುಗ ಬೋನಸ್ ಗೆರೆ ದಾಟಿ ಕಾಲಿಟ್ಟು ವಾಪಸ್ ಬಂದ, ಬೋನಸ್ ಬೋನಸ್ ಎಂದು ಅವರ ಕಡೆಯವರು ಕುಣಿದರು. ಅಂಪೈರ್ ಕೊಡಲಿಲ್ಲ. ಕೆಂಪಿನವರು ಆಗ ಐದೇ ಜನ! ಆ 3ನೇ ನಂಬರಿನವನು ಒಳಗೆ ಹೋಗಿದ್ದರೆ ಆರು ಆಗುತ್ತಿತ್ತು, ಬೋನಸ್ ಕೊಡಲೇಬೇಕಾಗುತ್ತಿತ್ತು, 26–26. ಅಂದರೆ ಜಗಳ ಮಾಡಿದ ಕ್ಯಾಪ್ಟನ್ ಕೇಳಿದ್ದನ್ನು ಕೊಟ್ಟಿದ್ದರೆ ಆ ಕ್ಷಣಕ್ಕೆ ಅವರದೇ ತಂಡಕ್ಕೆ ಪೆಟ್ಟು. ಪಂದ್ಯ ಮುಗಿದ ಮೇಲೆ ಅದೇ ಕ್ಯಾಪ್ಟನ್ ಹೋಗಿ ಆ ಹುಡುಗನ ಭುಜ ತಟ್ಟಿ ಬಂದದ್ದನ್ನು ನಾನು ಕಣ್ಣಾರೆ ನೋಡಿದೆ. ನನಗೆ ಕಣ್ಣು ತುಂಬಿ ಬಂತು, ಸುಳ್ಳು ಹೇಳುವುದಿಲ್ಲ.

ಇನ್ನೊಂದು ವಿಷಯ. ಸಹಾಯಕ ಸ್ಕೋರರ್‌ಗಳಿಬ್ಬರಿಗೂ ನಾವು ವೇದಿಕೆ ಪಕ್ಕ, ಸ್ಕೋರರ್ ಮೇಜಿನ ಹತ್ತಿರ ಕುರ್ಚಿ ಹಾಕಿಸಿದ್ದೆವು. ಅದು ನಮ್ಮ ಸಮಿತಿಯ ತಪ್ಪು. ಅವರ ಕೆಲಸ ಇರುವುದು ಔಟಾದವರು ಕೂರುವ ಜಾಗದಲ್ಲಿ, ಅಂಕಣದ ಎರಡು ತುದಿಗಳಲ್ಲಿ. ಮೊದಲ ಪಂದ್ಯಕ್ಕೆ ಮೊದಲೇ ಇಬ್ಬರೂ ಏನೂ ದೂರದೆ ತಮ್ಮ ಕುರ್ಚಿ ತಾವೇ ಎತ್ತಿಕೊಂಡು ಹೋಗಿ ಆಚೆಗೊಬ್ಬರು ಈಚೆಗೊಬ್ಬರು ಕೂತರು. ವೇದಿಕೆ ಪಕ್ಕವೇ ಕೂತಿದ್ದರೆ ಅವತ್ತು 3ನೇ ನಂಬರಿನವನನ್ನು ತಡೆಯುವವರು ಯಾರು? ಎರಡು ಕಡೆಯೂ ದೀಪ ಕಡಿಮೆ ಇತ್ತು. ಮೊಬೈಲ್ ಟಾರ್ಚ್ ಹಿಡಿದು ಬರೆದರು. ಮುಂದಿನ ವರ್ಷಕ್ಕೆ ಅಲ್ಲಿಗೆ ಒಂದೊಂದು ಟ್ಯೂಬ್‌ಲೈಟ್ ಎಂದು ಈಗಲೇ ಡೈರಿಯಲ್ಲಿ ಗುರುತು ಹಾಕಿದ್ದೇನೆ.

ಊಟದ ವಿಷಯ ಬರೆಯಲು ನಾಚಿಕೆ ಆಗುತ್ತದೆ. ತಂಡಗಳಿಗೆ ಒಂಬತ್ತು ಗಂಟೆಗೆ ಊಟ ಆಯಿತು. ತೀರ್ಪುಗಾರರು ಒಂದು ಪಂದ್ಯ ಬಿಟ್ಟು ಒಂದು ಪಂದ್ಯಕ್ಕೆ ಸರದಿ ಹಾಕಿಕೊಂಡಿದ್ದರು, ಹಾಗಾಗಿ ಇಪ್ಪತ್ತು ನಿಮಿಷದ ಬಿಡುವಿನಲ್ಲಿ ಒಬ್ಬೊಬ್ಬರೇ ಹೋಗಿ ಉಂಡು ಬಂದರು. ಗೆರೆ ಎಳೆಯುವ ನಾಲ್ವರಿಗೆ ಆ ಬಿಡುವೂ ಇಲ್ಲ, ಅವರ ಕೆಲಸ ಬಿಡುವಿನಲ್ಲೇ ಶುರುವಾಗುವುದು. ಹನ್ನೊಂದೂವರೆಗೆ ಯಾರೋ ನೆನಪಿಸಿದಾಗ ಗಂಜಿ, ಚಟ್ನಿ ಮಾತ್ರ ಉಳಿದಿತ್ತು.

ಮುಕ್ತಾಯದ ಪುಟಕ್ಕೆ ಹೀಗೆ ಬರೆದಿದ್ದೇನೆ:

"ನಮ್ಮ ಪಂದ್ಯಾಟದ 15 ಪಂದ್ಯಗಳನ್ನೂ ನಡೆಸಿಕೊಟ್ಟ ರೆಫರಿಗಳಿಗೆ, ಅಂಪೈರುಗಳಿಗೆ ಕೃತಜ್ಞತೆ. ಎರಡನೇ ಸೆಮಿಫೈನಲಿನ ಕೊನೆಯ ಮೂರು ನಿಮಿಷ ಗದ್ದಲದ ನಡುವೆ ನೀವು ಕಾಲು ನೋಡಿ, ತಲೆ ಎಣಿಸಿ ಕೊಟ್ಟ ತೀರ್ಪನ್ನು ಎರಡೂ ತಂಡದವರು ಒಪ್ಪಿ ಕೈಕುಲುಕಿದರು. ಒಂದು ಶೀಟಿನಲ್ಲೂ ಒಂದು ಅಂಕ ತಿದ್ದುವ ಪ್ರಮೇಯ ಬಾರದ ಹಾಗೆ ಬರೆದ ಸ್ಕೋರರ್‌ಗಳಿಗೆ, ಔಟಾದವರ ಕ್ರಮವನ್ನು ಟಾರ್ಚ್ ಬೆಳಕಲ್ಲಿ ಕಾಯ್ದ ಸಹಾಯಕ ಸ್ಕೋರರ್‌ಗಳಿಗೆ ಕೃತಜ್ಞತೆ. ನಿಮಗೆ ಸರಿಯಾದ ಜಾಗ, ಬೆಳಕು ಕೊಡದೆ ಇದ್ದದ್ದು ನಮ್ಮ ತಪ್ಪು. ಐದು ದಿನ ಮಣ್ಣು ಹದ ಮಾಡಿ, ರಾತ್ರಿ ಇಡೀ ಗೆರೆ ಎಳೆದ ನಾಲ್ವರಿಗೆ ಕೃತಜ್ಞತೆ. ನಿಮ್ಮ ಅಂಕಣದಲ್ಲಿ ಯಾವ ಹುಡುಗನ ಮಂಡಿಗೂ ಕಲ್ಲು ತಾಗಲಿಲ್ಲ. ಊಟ ತಡವಾದದ್ದಕ್ಕೆ ಕ್ಷಮಿಸಿ."

ಅಧ್ಯಕ್ಷರಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ದಾನಿಗಳ ಪಟ್ಟಿಗಿಂತ ಮೊದಲು ಹಾಕು" ಎಂದರು.

ನಾಳೆ ಬೆಳಿಗ್ಗೆ ಧ್ವಜಾರೋಹಣ ಮುಗಿಸಿ ಹಿರಿಯರ ಮನೆಗೆ ಹೋಗಬೇಕು. ಟೇಪ್ ವಾಪಸ್ ಕೊಡಲಿಕ್ಕಿದೆ. ಈ ಪುಟ ಅವರಿಗೇ ಮೊದಲು ಓದಿ ಹೇಳುತ್ತೇನೆ. ಆ ಅಡಿಕೆ ಸಲಾಕೆ ಮೈದಾನದ ಬೇಲಿಗೆ ಒರಗಿಸಿದ್ದು ಹಾಗೇ ಇದೆ, ಅದನ್ನೂ ಎತ್ತಿಕೊಂಡು ಹೋಗಬೇಕು.