ಅಗ್ಗದ ವಿಚಾರಣೆ

ದಾವಣಗೆರೆಯ ತಂಗಿಯ ಕೋಚಿಂಗ್ ಸೆಂಟರ್‌ಗೆ ಅಡ್ಮಿಷನ್ ಜಾಹೀರಾತು ನಡೀತಿದೆ. ಒಟ್ಟು 60,000 ರೂಪಾಯಿ. ಗೂಗಲ್ ಸರ್ಚ್‌ಗೆ 30,000, ಅಡ್ಮಿಷನ್ ಬಗ್ಗೆ ಕೇಳಿಕೊಂಡು ಬರುವ ಒಂದು ವಿಚಾರಣೆಗೆ 250 ಬೀಳಬಹುದು ಅಂತ ಅಂದಾಜು. ಫೇಸ್‌ಬುಕ್‌ಗೆ 20,000, ಅಲ್ಲಿ 100. ಉಳಿದ ಹತ್ತು ಸಾವಿರ ಕರಪತ್ರಕ್ಕೆ. ಅದು ಒಮ್ಮೆ ಅಚ್ಚಾದರೆ ವಾಪಸ್ ಬರಲ್ಲ, ಅದಕ್ಕೇ ಕಡಿಮೆ ಇಟ್ಟೆವು.

ಮೂರನೇ ಒಂದು ಭಾಗ ಖರ್ಚಾಗುವ ಹೊತ್ತಿಗೆ ಲೆಕ್ಕ ನೋಡೋಣ ಅಂತ ಮೊದಲೇ ಮಾತಾಗಿತ್ತು. ಇವತ್ತು ಕೂತು ನೋಡಿದೆವು. ಫೇಸ್‌ಬುಕ್‌ನಲ್ಲಿ 6,400ಕ್ಕೆ 80 ವಿಚಾರಣೆ, ಅಂದರೆ ಬರೀ 80 ರೂಪಾಯಿ. ಗೂಗಲ್‌ನಲ್ಲಿ 9,000ಕ್ಕೆ 30, ತಲಾ 300. ದುಡ್ಡೆಲ್ಲ ಫೇಸ್‌ಬುಕ್‌ಗೆ ಹಾಕೋಣ ಅನಿಸುತ್ತೆ ಅಲ್ವಾ?

ತಂಗಿಯ ನೋಟ್‌ಬುಕ್ ಬೇರೆಯೇ ಹೇಳ್ತಿತ್ತು. ಫೇಸ್‌ಬುಕ್ ಜಾಹೀರಾತು ಒತ್ತಿದರೆ ತೆರೆಯುವ ಫಾರಂನಲ್ಲಿ ಹೆಸರು, ನಂಬರ್ ತಾನಾಗೇ ತುಂಬಿಕೊಳ್ಳುತ್ತೆ. ಸುಮ್ನೆ ಒತ್ತಿದವರೇ ಜಾಸ್ತಿ, ಫೋನ್ ಮಾಡಿದರೆ ಎತ್ತಲ್ಲ. ಸೆಂಟರ್‌ಗೆ ಬಂದವರು ನಾಲ್ಕೇ ಜನ, ತಲಾ 1,600 ಬಿತ್ತು. ಗೂಗಲ್‌ನಿಂದ ಹತ್ತು ಜನ ಬಂದರು, ತಲಾ 900. ಹುಡುಕಿಕೊಂಡು ಬರುವವರಿಗೆ ಅಗತ್ಯ ಇರುತ್ತೆ, ನನಗಂತೂ ಅದೇ ಮುಖ್ಯ.

ಆದರೂ ನಾಲ್ಕು ಜನರನ್ನು ನೋಡಿ ಪೂರ್ತಿ ತೀರ್ಮಾನ ಮಾಡೋಕಾಗಲ್ಲ. 4,000 ಮಾತ್ರ ಗೂಗಲ್‌ಗೆ ಸರಿಸಿದೆವು. ಫೇಸ್‌ಬುಕ್ ಫಾರಂಗೆ ‘ಯಾವ ತರಗತಿ, ಯಾವಾಗ ಬರ್ತೀರಿ’ ಅಂತ ಎರಡು ಪ್ರಶ್ನೆ ಸೇರಿಸಿದೆವು. ವಿಚಾರಣೆಯ ಬೆಲೆ ಏರುತ್ತೆ, ಏರಲಿ. ಅರ್ಧ ದುಡ್ಡು ಮುಗಿದಾಗ ಮತ್ತೆ ನೋಡ್ತೀವಿ.